ಸಹಾಯ ಬೇಕು: ಬೋನಸ್ ಸಾಲಕ್ಕೆ ಕಟ್ಟಲೋ, ಕೈಲಿಟ್ಟುಕೊಳ್ಳಲೋ?

ಕೆಲಸದ ಒತ್ತಡಕ್ಕೆ ನಿದ್ದೆಯೇ ಇಲ್ಲ, ಬಿಟ್ಟುಬಿಡಬೇಕು ಅನ್ನಿಸಿದೆ. ಆದರೆ ಸಂಬಳ ನೂರಾದರೆ 40 ಮನೆ ಸಾಲದ ಕಂತಿಗೆ, 35 ಮನೆ ಖರ್ಚು, ಅಪ್ಪ ಅಮ್ಮನ ಔಷಧಿಗೆ ಹೋಗುತ್ತದೆ. ಉಳಿಯುವುದು 25. ಅಂದರೆ ಒಂದು ತಿಂಗಳ ಖರ್ಚು ಕೂಡಿಡಲು 3 ತಿಂಗಳು ದುಡಿಯಬೇಕು!

ಈಗ ಕೈಲಿರುವುದು 4 ತಿಂಗಳಿಗೆ ಸಾಕು. 8 ತಿಂಗಳಿನಷ್ಟು ಆದಮೇಲೆ ರಾಜೀನಾಮೆ ಅಂತ ಲೆಕ್ಕ, ಅದಕ್ಕೆ ಇನ್ನೂ ಒಂದು ವರ್ಷ ಬೇಕು.

ಮುಂದಿನ ತಿಂಗಳು 2 ತಿಂಗಳ ಖರ್ಚಿನಷ್ಟು ಬೋನಸ್ ಬರುತ್ತದೆ. ಮನೆಯವರು ಸಾಲಕ್ಕೆ ಕಟ್ಟು ಅನ್ನುತ್ತಾರೆ. ಬ್ಯಾಂಕಿನವರನ್ನು ಕೇಳಿದೆ, ಕಟ್ಟಿದರೆ ಅವಧಿ ಕಡಿಮೆಯಾಗುತ್ತದೆ, ತಿಂಗಳ ಕಂತು ಮಾತ್ರ ಅಷ್ಟೇ ಇರುತ್ತದಂತೆ. ಬಡ್ಡಿ ಉಳಿಯುತ್ತದೆ, ನಿಜ, ಆದರೆ ಕಟ್ಟಿದ ದುಡ್ಡು ಕಷ್ಟಕ್ಕೆ ವಾಪಸ್ ಬರಲ್ಲ ಅಲ್ವಾ? ಕೈಲಿಟ್ಟುಕೊಂಡರೆ ಕಾಯುವುದು 6 ತಿಂಗಳಿಗೆ ಇಳಿಯುತ್ತದೆ.

ಸಾಲ ಇಟ್ಟುಕೊಂಡೇ ಕೆಲಸ ಬಿಟ್ಟವರು ಹೇಳಿ, 8 ತಿಂಗಳು ಸಾಕಾಯಿತಾ?