ಮೈದುನ ಶಬರಿಮಲೆಯಿಂದ ಬರುವಾಗ ಬಾಗಿಲಲ್ಲಿ ಏನು ಮಾಡಬೇಕು, ಪ್ರಸಾದ ಹೇಗೆ ತೆಗೆದುಕೊಳ್ಳಬೇಕು?

ಕೇಳಿದವರು, ಬದಿಯಡ್ಕದ ಸೊಸೆ:
ನಾನು ಹಾಸನದ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದು ಎರಡು ವರ್ಷ ಆಯಿತು. ಮೈದುನ ಮೊದಲ ಸಲ ಮಾಲೆ ಹಾಕಿ ಮಲೆಗೆ ಹೋಗಿದ್ದಾನೆ, ನಾಡಿದ್ದು ಬೆಳಗ್ಗೆ ಬರುತ್ತಾನೆ. ಅತ್ತೆಯೂ ಇಲ್ಲ, ಮನೆಯಲ್ಲಿ ಹೆಂಗಸು ಅಂತ ನಾನೊಬ್ಬಳೇ. ನನಗಿಂತ ಚಿಕ್ಕವನ ಕಾಲಿಗೆ ಬೀಳಬೇಕಾ? ಮಾವನಿಗೆ ಸಕ್ಕರೆ ಕಾಯಿಲೆ, ಅರವಣ ಏನು ಮಾಡಲಿ? ಕಳೆದ ವರ್ಷ ಪಕ್ಕದ ಮನೆಯವರು ಪ್ರಸಾದ ತಂದಾಗ ನಾನು "ಬೇಡ, ಸಿಹಿ ಯಾರೂ ತಿನ್ನುವುದಿಲ್ಲ" ಅಂದುಬಿಟ್ಟೆ. ಅವರ ಮುಖ ಸಪ್ಪಗಾಗಿದ್ದು ಇನ್ನೂ ಕಣ್ಣ ಮುಂದಿದೆ. ಈ ಸಲ ಹಾಗಾಗಬಾರದು.

ಪೆರ್ಲದವರು:
ತಂಗೀ, ನಾನು ಇಪ್ಪತ್ತಕ್ಕಿಂತ ಜಾಸ್ತಿ ಸಲ ಹೋಗಿ ಬಂದಿದ್ದೇನೆ. ನಮ್ಮ ಮನೆಯಲ್ಲಿ ನಡೆಯುವುದನ್ನು ಹೇಳುತ್ತೇನೆ, ನಿಮ್ಮ ಮನೆಯ ಪದ್ಧತಿ ಬೇರೆ ಇದ್ದರೆ ಮಾವನನ್ನು ಕೇಳಿ ಅದರಂತೆ ಮಾಡಿ.

ಮೊದಲು ಒಂದು ವಿಷಯ. ಮಾಲೆ ತೆಗೆಯುವವರೆಗೆ ಅವನು ನಿಮ್ಮ ಮೈದುನ ಅಲ್ಲ, ಸ್ವಾಮಿ. ನಿಮ್ಮ ಅರ್ಧ ಗೊಂದಲ ಅಲ್ಲಿಗೇ ಮುಗಿಯಿತು. ದರ್ಶನ ಆಯಿತು, ಇನ್ನೇನು ವ್ರತ ಮುಗಿಯಿತು ಅಂತ ದಾರಿಯಲ್ಲೇ ಸಡಿಲ ಬಿಡುವವರು ಇದ್ದಾರೆ. ಆದರೆ ಮನೆ ಬಾಗಿಲಿಗೆ ಬರುವಾಗಲೂ ಮಾಲೆ ಕುತ್ತಿಗೆಯಲ್ಲೇ ಇರುತ್ತದೆ, ಇರುಮುಡಿ ತಲೆಯ ಮೇಲೇ ಇರುತ್ತದೆ. ಅದನ್ನು ಮಾತ್ರ ನೆನಪಿಡಿ.

ಅವನು ಕಾಸರಗೋಡಿನಲ್ಲಿ ರೈಲಿಳಿದ ಕೂಡಲೇ ಒಂದು ಫೋನ್ ಮಾಡಲು ಹೇಳಿ. ಅಷ್ಟು ಹೊತ್ತಿಗೆ ಅಂಗಳ ಗುಡಿಸಿ ನೀರು ಹಾಕಿ. ಹೊಸ್ತಿಲ ಹತ್ತಿರ ದೀಪ ಹಚ್ಚಿಡಿ. ಒಂದು ಚೊಂಬು ನೀರು, ಒಂದು ಸುಲಿದ ತೆಂಗಿನಕಾಯಿ ಮೆಟ್ಟಿಲ ಬದಿಯಲ್ಲಿ ಇರಲಿ. ಅವನು ಕಾಲು ತೊಳೆದು, ಕಾಯಿ ಒಡೆದು, ಶರಣು ಕರೆಯುತ್ತಾ ಒಳಗೆ ಬರುತ್ತಾನೆ. ಆಗ ನೀವು ಕೈ ಮುಗಿದು "ಸ್ವಾಮಿ ಶರಣಂ" ಅಂದರೆ ಸಾಕು, ಅವನೂ ಅದನ್ನೇ ಹೇಳುತ್ತಾನೆ. ಕಾಲು ಮುಟ್ಟುವವರೂ ಇದ್ದಾರೆ, ನನ್ನ ಅಮ್ಮನೂ ಮುಟ್ಟುತ್ತಿದ್ದರು. ನನಗೆ ಮೊದಲ ವರ್ಷ ಅಳುವೇ ಬಂದಿತ್ತು. ಮುಟ್ಟಲೇಬೇಕು ಅಂತ ಏನಿಲ್ಲ. ನಿಮಗೆ ಮನಸ್ಸು ಬಂದರೆ ಮುಟ್ಟಿ, ಮುಟ್ಟುವಾಗ ಅದು ಮಾಲೆಗೆ ಅಂತ ತಿಳಿಯಿರಿ.

ಇರುಮುಡಿ ನೇರ ದೇವರ ಕೋಣೆಗೆ ಹೋಗಬೇಕು. ಸುಸ್ತಾಗಿದ್ದಾನೆ ಪಾಪ ಅಂತ ನೀವು ಕೈ ಹಾಕಿ ಇಳಿಸಬೇಡಿ, ಬಿಚ್ಚಲೂಬೇಡಿ. ಅವನೇ ಇಡುತ್ತಾನೆ, ಕರ್ಪೂರ ಹಚ್ಚುತ್ತಾನೆ. ಆಮೇಲೆ ಮಾಲೆ ತೆಗೆಯುವುದು. ಸಾಮಾನ್ಯವಾಗಿ ಅಮ್ಮ ಇಲ್ಲವೇ ಗುರುಸ್ವಾಮಿ ತೆಗೆಯುತ್ತಾರೆ. ಕೆಲವರು ಹಾಕಿಸಿಕೊಂಡ ದೇವಸ್ಥಾನಕ್ಕೇ ಹೋಗಿ ತೆಗೆಸುತ್ತಾರೆ. ನಿಮ್ಮಲ್ಲಿ ಅತ್ತೆ ಇಲ್ಲ ಅಂದಿರಿ, ಹಾಗಾಗಿ ಅವನ ಗುರುಸ್ವಾಮಿಯನ್ನು ಇವತ್ತೇ ಕೇಳಿಡಿ. ಕನ್ನಿಸ್ವಾಮಿ ಅಲ್ವಾ, ಅವನಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಮಾಲೆ ತೆಗೆದ ಮೇಲೆ ಅವನು ಮತ್ತೆ ನಿಮ್ಮ ಮೈದುನ. ಆಗ ಅವನು ಅಪ್ಪನಿಗೆ ನಮಸ್ಕಾರ ಮಾಡಿ, ಅತ್ತಿಗೆ ಅಂತ ನಿಮಗೂ ಮಾಡುತ್ತಾನೆ. ಬೇಡ ಬೇಡ ಅಂತ ಹಿಂದೆ ಸರಿಯಬೇಡಿ, ನಿಂತು ತಲೆ ಮೇಲೆ ಕೈ ಇಡಿ.

ನೀರ್ಚಾಲಿನ ಅಕ್ಕ:
ಪೆರ್ಲದಣ್ಣ ಬಾಗಿಲ ಕೆಲಸವೆಲ್ಲ ಹೇಳಿದರು. ನಾನು ಅರವಣದ ಬಗ್ಗೆ ಹೇಳುತ್ತೇನೆ, ನಮ್ಮ ಮಾವನಿಗೂ ಸಕ್ಕರೆ ಕಾಯಿಲೆ.

ಅರವಣ ಅಂದರೆ ಅಕ್ಕಿ, ಬೆಲ್ಲ, ತುಪ್ಪ. ಬೆಲ್ಲ ಎಷ್ಟಿರುತ್ತದೆ ಅಂದರೆ ಚಮಚ ನೆಟ್ಟರೆ ನಿಲ್ಲುತ್ತದೆ. ಮೊದಲ ವರ್ಷ ನಾನು ಡಬ್ಬಿ ಮಾವನ ಕಣ್ಣಿಗೆ ಬೀಳದ ಹಾಗೆ ಮೇಲಿನ ಕಪಾಟಿನಲ್ಲಿ ಇಟ್ಟೆ. ಎರಡನೇ ದಿನ ನೋಡಿದರೆ ಅರ್ಧ ಖಾಲಿ. ರಾತ್ರಿ ಎದ್ದು ತಿಂದಿದ್ದರು. ಬೆಳಗ್ಗೆ ಬೆರಳು ಚುಚ್ಚಿ ನೋಡಿದರೆ ಮುನ್ನೂರರ ಮೇಲೆ. ಬಾಯಿ ಚಪಲ ಅಂತ ನಾನು ಬೈದೆ. ಅವರು ಹೇಳಿದ ಮಾತು ಕೇಳಿ ಸುಮ್ಮನಾದೆ. "ಮುಡಿ ಕಟ್ಟುವಾಗ ನಾನೂ ಅಕ್ಕಿ ಹಾಕಿದ್ದೆನಲ್ಲ ಮಗಾ, ನನ್ನ ಪಾಲು ನನಗೆ ಬೇಡವಾ?"

ನೋಡಿ, ವಿಷಯ ಅದೇ. ಇರುಮುಡಿ ಕಟ್ಟುವ ದಿನ ಮನೆಯವರು, ನೆಂಟರು, ನೆರೆಕರೆಯವರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕುತ್ತಾರೆ, ಕಾಣಿಕೆ ನಾಣ್ಯ ಹಾಕುತ್ತಾರೆ. ಹೊತ್ತುಕೊಂಡು ಹೋಗುವವನು ಒಬ್ಬ, ಹೋದದ್ದು ಎಲ್ಲರದ್ದೂ. ಹಾಗಾಗಿ ತಿರುಗಿ ಬರುವ ಪ್ರಸಾದ ನಮ್ಮ ಪಾಲು. ಅದನ್ನು ಬೇಡ ಅಂದರೆ ತಂದವರಿಗೆ ನೋವಾಗುವುದು ಅದಕ್ಕೇ.

ಮರುವರ್ಷದಿಂದ ನಾನೇ ಕೊಡುತ್ತೇನೆ. ಮಧ್ಯಾಹ್ನ ಊಟದ ಜೊತೆಗೆ, ಬಾಳೆ ಎಲೆಯ ತುದಿಯಲ್ಲಿ, ಸುಂಡೆಕಾಯಿಯಷ್ಟು. ಖಾಲಿ ಹೊಟ್ಟೆಗೆ ಕೊಡುವುದಿಲ್ಲ, ಆ ದಿನ ಅನ್ನ ಒಂದು ಸೌಟು ಕಡಿಮೆ ಬಡಿಸುತ್ತೇನೆ. ಅವರು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಮತ್ತೆ ಕೇಳುವುದೇ ಇಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಡಾಕ್ಟರ ಹತ್ತಿರ ಒಂದು ಮಾತು ಕೇಳಿ.

ಪ್ರಸಾದ ಕೈಗೆ ಬರುವಾಗ ಬಲಗೈ ಮೇಲೆ, ಎಡಗೈ ಅಡಿಯಲ್ಲಿ. "ಸಕ್ಕರೆ ಕಾಯಿಲೆ, ಬೇಡ" ಅನ್ನುವ ಬದಲು "ಒಂದು ಚೂರು ಸಾಕು" ಅಂತ ಕೈ ಒಡ್ಡಿ. ಎರಡೂ ಒಂದೇ ಅರ್ಥ, ಆದರೆ ಕೈ ಮುಂದೆ ಬಂದಿರುತ್ತದೆ.

ಉಪ್ಪಳದವರು:
ಅರವಣ ಡಬ್ಬಿ, ತುಪ್ಪ ಎರಡೂ ಕೆಡುವುದಿಲ್ಲ, ಪ್ರಸಾದ ಎಷ್ಟು ದಿನ ಇಟ್ಟರೂ ಆಗುತ್ತದೆ. ನಮ್ಮಲ್ಲಿ ಹೋದ ವರ್ಷದ ಡಬ್ಬಿ ಇನ್ನೂ ಇದೆ. ಫ್ರಿಜ್ಜಿನಲ್ಲಿ ಮಾತ್ರ ಇಡಬಾರದು, ಮೀನಿನ ಜೊತೆ ಆಗುತ್ತದೆ.

ಪೆರ್ಲದವರು:
ಮೀನಿನ ಮಾತು ಸರಿ. ಮುಚ್ಚಿದ ಡಬ್ಬಿ ಕೆಲವು ಸಮಯ ಇರುತ್ತದೆ ಅನ್ನುವುದೂ ಸರಿ. ಆದರೆ ತೆರೆದ ಮೇಲೆ ಹಾಗಲ್ಲ. ಒದ್ದೆ ಚಮಚ ಹಾಕಿದರೆ ಅಥವಾ ತಿಂದ ಚಮಚವನ್ನೇ ಮತ್ತೆ ಹಾಕಿದರೆ ನಾಲ್ಕೇ ದಿನದಲ್ಲಿ ಹುಳಿ ವಾಸನೆ ಬರುತ್ತದೆ, ಮೇಲೆ ಸಣ್ಣ ಗುಳ್ಳೆ ಕಾಣುತ್ತದೆ. ಹಾಗೆ ಕಂಡರೆ ಯಾರಿಗೂ ಕೊಡಬೇಡಿ, ತೆಂಗಿನ ಬುಡಕ್ಕೆ ಹಾಕಿ. ತೆರೆದ ದಿನವೇ ಹಂಚಿ ಮುಗಿಸುವುದು ಒಳ್ಳೆಯದು. ಹೋದ ವರ್ಷದ ಡಬ್ಬಿ ತಿನ್ನುವ ಮೊದಲು ಅದರ ಮೇಲಿನ ತಾರೀಖು ನೋಡಿ ಅಣ್ಣ.

ತುಪ್ಪದ ಮಾತು ಬೇರೆ. ಹೋಗುವಾಗ ತೆಂಗಿನಕಾಯಿಯ ನೀರು ತೆಗೆದು, ಒಳಗೆ ಕಾಯಿಸಿದ ತುಪ್ಪ ತುಂಬಿಸಿ ಕಾಯಿಯ ಕಣ್ಣು ಮುಚ್ಚುತ್ತೇವೆ. ಸನ್ನಿಧಾನದಲ್ಲಿ ಕಾಯಿ ಒಡೆದು ತುಪ್ಪ ಅಭಿಷೇಕಕ್ಕೆ ಕೊಡುತ್ತೇವೆ, ಒಂದು ಹೋಳು ಅಲ್ಲೇ ಉರಿಯುವ ಆಳಿ ಎಂಬ ದೊಡ್ಡ ಬೆಂಕಿಕುಂಡಕ್ಕೆ ಹೋಗುತ್ತದೆ. ಅಭಿಷೇಕ ಆಗಿ ತಿರುಗಿ ಬರುವ ತುಪ್ಪ ಹೋದಾಗ ಇದ್ದ ತುಪ್ಪ ಅಲ್ಲ. ಅದರಲ್ಲಿ ನೀರಿನ ಪಸೆ ಇರುತ್ತದೆ, ಭಸ್ಮ ಇರುತ್ತದೆ, ಕಾಯಿಯ ಚೂರೂ ಇರಬಹುದು. ತುಪ್ಪವನ್ನು ಕೆಡಿಸುವುದು ಆ ನೀರು. ನಾನು ಒಂದು ವರ್ಷ ಪ್ಲಾಸ್ಟಿಕ್ ಬಾಟಲಿಯಲ್ಲೇ ಬಿಟ್ಟಿದ್ದೆ, ಶಿವರಾತ್ರಿ ಹೊತ್ತಿಗೆ ಅಡಿಯಲ್ಲಿ ಹಸಿರು ಬಂದಿತ್ತು. ಅಷ್ಟು ದೂರ ಹೊತ್ತು ತಂದದ್ದು. ಅವತ್ತು ಊಟ ಸೇರಲಿಲ್ಲ.

ಈಗ ಬಂದ ದಿನವೇ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸುತ್ತೇನೆ. ಅಲುಗಾಡಿಸದೆ ಒಂದು ಗಂಟೆ ಬಿಟ್ಟರೆ ನೀರು ಅಡಿಗೆ ಇಳಿಯುತ್ತದೆ. ಮೇಲಿನ ತುಪ್ಪವನ್ನು ಬಟ್ಟೆಯಲ್ಲಿ ಸೋಸಿ, ಒಣಗಿದ ಗಾಜಿನ ಭರಣಿಗೆ ಹಾಕುತ್ತೇನೆ.

ನೀರ್ಚಾಲಿನ ಅಕ್ಕ:
ನಮ್ಮಲ್ಲಿ ಬಾಣಲೆಯಲ್ಲೇ ಸಣ್ಣ ಉರಿಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸುತ್ತೇವೆ. ನೀರು ಪೂರ್ತಿ ಹೋಗುವುದು ಹಾಗೆ ಮಾಡಿದರೆ ಮಾತ್ರ.

ಪೆರ್ಲದವರು:
ಅಭಿಷೇಕದ ತುಪ್ಪವನ್ನು ಒಲೆಗೆ ಇಡಬಾರದು ಅಂತ ನಮ್ಮ ಗುರುಸ್ವಾಮಿ ಹೇಳುತ್ತಿದ್ದರು ಅಕ್ಕ. ನನಗೆ ಅದನ್ನು ಮೀರಲು ಮನಸ್ಸಿಲ್ಲ. ಜಾಸ್ತಿ ದಿನ ಇರುವುದು ನಿಮ್ಮದೇ, ಅದು ಒಪ್ಪುತ್ತೇನೆ.

ಮೊಗ್ರಾಲಿನವರು:
ನಮ್ಮದು ಬೇರೆ ಯಾತ್ರೆ, ಆದರೂ ಹೇಳಬೇಕು ಅನಿಸಿತು. ಉಮ್ಮ ಹಜ್ಜ್ ಮುಗಿಸಿ ಬಂದಾಗ ಮಕ್ಕಾದ ಸಂಸಂ ನೀರಿನ ಐದು ಲೀಟರಿನ ಕ್ಯಾನ್ ಒಂದೇ ಒಂದು ಇತ್ತು. ಬಂದವರು ನೂರಾರು. ಸಣ್ಣ ಲೋಟದಲ್ಲಿ ಒಂದೊಂದು ಗುಟುಕು, ಒಂದೊಂದು ಖರ್ಜೂರ. ನೆರೆಮನೆಯ ಅಜ್ಜಿಗೆ ಕೊಡುವುದಾ ಬೇಡವಾ ಅಂತ ಉಮ್ಮ ತುಂಬಾ ಹೊತ್ತು ಯೋಚನೆ ಮಾಡಿದರು. ಅವರು ಶುದ್ಧ ನೋಡುವವರು, ಸಂಕಟವಾಗಬಾರದು ಅಂತ. ಕೊನೆಗೆ ಖರ್ಜೂರ ಮಾತ್ರ ಕಳುಹಿಸಿದರು. ಅಜ್ಜಿ ಅದನ್ನು ತೆಗೆದುಕೊಂಡು ತಾವೇ ನಡೆದು ಬಂದು, "ನೀರು ಎಲ್ಲಿ? ನನಗಿಲ್ಲವಾ?" ಅಂತ ಕೇಳಿದರು. ಉಮ್ಮ ಈಗಲೂ ಹೇಳುತ್ತಾರೆ, ಬಂದವರಲ್ಲಿ ನೆನಪಿರುವುದು ಅವರೊಬ್ಬರೇ ಅಂತ.

ಇನ್ನೊಂದು. ಬಂದ ಕೂಡಲೇ "ರಶ್ ಇತ್ತಾ, ಎಷ್ಟು ಖರ್ಚಾಯಿತು" ಅಂತ ಎಲ್ಲರೂ ಕೇಳಿದರು. ನಮಗಾಗಿ ದುಆ ಮಾಡಿ ಅಂತ ಕೇಳಿದವರು ಕಡಿಮೆ. ಉಮ್ಮನಿಗೆ ಬೇಕಿದ್ದದ್ದು ಅದು.

ಕೇಳಿದವರು, ಬದಿಯಡ್ಕದ ಸೊಸೆ:
ಎಲ್ಲರಿಗೂ ತುಂಬಾ ಉಪಕಾರ ಆಯಿತು. ಗುರುಸ್ವಾಮಿಗೆ ಫೋನ್ ಮಾಡಿದೆ, ಮಾಲೆ ತೆಗೆಯಲು ಅವರೇ ಬರುತ್ತಾರೆ. ಇನ್ನೊಂದು ಪ್ರಶ್ನೆ, ಹೆಂಗಸರು ಹೇಳಿ. ನಾಡಿದ್ದು ನಾನು ಮುಟ್ಟಾಗುವ ದಿನ ಹತ್ತಿರ ಇದೆ. ಹಾಗೇನಾದರೂ ಆದರೆ?

ನೀರ್ಚಾಲಿನ ಅಕ್ಕ:
ನಮ್ಮ ಅತ್ತೆಯ ಕಾಲದಲ್ಲಿ ಪಾಲು ತೆಗೆದಿಟ್ಟು ಐದನೇ ದಿನ ಕೊಡುತ್ತಿದ್ದರು. ನಾನು ಈಗಲೂ ಹಾಗೇ ಮಾಡುತ್ತೇನೆ. ದೀಪ ಹಚ್ಚುವುದು, ನೀರು ಇಡುವುದು ಗಂಡ ಮಾಡಲಿ. ನೀವು ದೂರದಿಂದ ಕೈ ಮುಗಿಯಿರಿ.

ಕುಂಬಳೆಯವರು:
ನನ್ನ ತವರಿನಲ್ಲಿ ಅಮ್ಮ ಆ ದಿನವೇ ಕೈಗೆ ಕೊಟ್ಟಿದ್ದರು. ಪ್ರಸಾದ ನಮಗಾಗಿ ಕಾದು ಕೂರುವ ಹಾಗೆ ಮಾಡಬಾರದು ಅನ್ನುವುದು ಅವರ ಮಾತು. ಗಂಡನ ಮನೆಯಲ್ಲಿ ಕಾಯುತ್ತೇನೆ. ಯಾವುದು ಸರಿ ಅಂತ ನನಗೆ ಇನ್ನೂ ತೀರ್ಮಾನ ಆಗಿಲ್ಲ. ಸ್ವಾಮಿಗೆ ಮೊದಲೇ ಗೊತ್ತಿರಲಿ, ಬಾಗಿಲಲ್ಲಿ ಬಂದು ನಿಂತಾಗ ಗಡಿಬಿಡಿ ಬೇಡ.

ಪೆರ್ಲದವರು:
ಅದರಲ್ಲಿ ನಾನು ಮಾತಾಡುವುದಿಲ್ಲ, ಮನೆ ಹಿರಿಯರಿಗೆ ಬಿಟ್ಟದ್ದು. ಒಂದೇ ಒಂದು ಮಾತು ಹೇಳಿ ನಿಲ್ಲಿಸುತ್ತೇನೆ ತಂಗೀ. ಡಬ್ಬಿ ತೆರೆದ ದಿನ, ಕಳೆದ ವರ್ಷ ನೀವು ಬೇಡ ಅಂದಿರಲ್ಲ, ಆ ಪಕ್ಕದ ಮನೆಗೆ ಮೊದಲ ಎಲೆ ಹೋಗಲಿ. ಮೈದುನನ ಕೈಯಲ್ಲಿ ಕಳುಹಿಸಬೇಡಿ, ನೀವೇ ಹೋಗಿ.

ಕೇಳಿದವರು, ಬದಿಯಡ್ಕದ ಸೊಸೆ:
ಹೋಗುತ್ತೇನೆ ಅಣ್ಣ. ಮುಡಿ ಕಟ್ಟುವ ದಿನ ಅವರೂ ಬಂದು ಅಕ್ಕಿ ಹಾಕಿದ್ದರು.