ಪದಚರ್ಚೆ: ಮಂಜೂರಿ ಜಮೀನಿನ ಮಾರಾಟ ‘ರದ್ದಾಗುವುದೋ’, ‘ಅಸಿಂಧುವೋ’?

ವಸುಧಾ:
ಬಳಗದವರಿಗೆ ನಮಸ್ಕಾರ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನುಗಳ ಬದುವಿನಲ್ಲಿ ನಿಲ್ಲಿಸಲು ಒಂದು ಫಲಕದ ಬರಹವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಫಲಕ ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ. ಸದ್ಯಕ್ಕೆ ನಾನು ಬರೆದುಕೊಂಡಿರುವುದು ಹೀಗಿದೆ: “ಈ ಜಮೀನನ್ನು 15 ವರ್ಷಗಳವರೆಗೆ ಮಾರುವಂತಿಲ್ಲ. ಮಾರಿದಲ್ಲಿ ಆ ಮಾರಾಟವನ್ನು ರದ್ದುಪಡಿಸಲಾಗುವುದು.” ಮೂಲದಲ್ಲಿ ‘ನಲ್ ಅಂಡ್ ವಾಯ್ಡ್’ ಎಂದಿದೆ. ‘ರದ್ದು’ ಸಾಕೇ, ‘ಶೂನ್ಯ’ ಬೇಕೇ, ‘ಅನೂರ್ಜಿತ’ವೋ, ‘ಅಸಿಂಧು’ವೋ? ದಯವಿಟ್ಟು ಇಂದೇ ತಿಳಿಸಿ.

ನಾಗಭೂಷಣ:
‘ರದ್ದು’ ಅರಬ್ಬಿ, ‘ಮಂಜೂರು’ ಅರಬ್ಬಿ, ‘ಜಮೀನು’ ಪಾರಸಿ. ಕನ್ನಡದ ಹೊಲಕ್ಕೆ ಕನ್ನಡ ಫಲಕ ಬರೆಯಲು ಹೊರಟು ಒಂದೂ ಕನ್ನಡ ಪದ ಸಿಗಲಿಲ್ಲವೆಂದರೆ ಹೇಗೆ? ಶಾಸನಗಳಲ್ಲಿ ‘ಕೊಡಗೆ’ ಇದೆ; ಕೆರೆಯನ್ನು ನೋಡಿಕೊಂಡವನಿಗೆ ಕೆರೆಗೊಡಗೆ, ಕಾದಾಡಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆ. “ಇದು ಕೊಡಗೆ ನೆಲ, ಇದರ ಮಾರಾಟ ಸಲ್ಲದು” ಎಂದರೆ ಎಂಟು ಶತಮಾನದ ಹಿಂದಿನವನಿಗೂ ತಿಳಿಯುತ್ತದೆ.

ಗಂಗಾಧರಯ್ಯ:
ಎಂಟು ಶತಮಾನದ ಹಿಂದಿನವನು ಈ ಫಲಕವನ್ನು ಓದುವುದಿಲ್ಲ. ಅಲ್ಲದೆ ‘ಕೊಡಗೆ’ ಇಲ್ಲಿ ತಪ್ಪು ಅರ್ಥವನ್ನೇ ಕೊಡುತ್ತದೆ. ಕೆರೆಗೊಡಗೆ ಸೇವೆಗೆ ಪ್ರತಿಯಾಗಿ ಬಂದದ್ದು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರರ ಪಾಲಾಗದಂತೆ ತಡೆಯುವ 1978ರ ಕಾಯ್ದೆ, ಅಂದರೆ ಎಲ್ಲರೂ ಪಿಟಿಸಿಎಲ್ ಎನ್ನುವ ಕಾಯ್ದೆ, ‘ಮಂಜೂರಾದ ಜಮೀನು’ ಎಂಬುದಕ್ಕೆ ಅರ್ಥ ಹೇಳುವಾಗ ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ ಕಾನೂನಿನಡಿ ಬಂದ ಜಮೀನನ್ನು ಹೊರಗಿಟ್ಟಿದೆ. ಕಾಯ್ದೆ ಬೇಡವೆಂದು ಬಿಟ್ಟದ್ದನ್ನೇ ನೀವು ಫಲಕಕ್ಕೆ ಏರಿಸುತ್ತಿದ್ದೀರಿ.

ವಸುಧಾ ಅವರೇ, ನಿಮ್ಮ ‘ರದ್ದುಪಡಿಸಲಾಗುವುದು’ ಎಂಬಲ್ಲಿ ತೊಂದರೆ ಇರುವುದು ಪದದ ಹುಟ್ಟಿನಲ್ಲಿ ಅಲ್ಲ, ಕಾಲದಲ್ಲಿ. ಇದ್ದದ್ದನ್ನು ರದ್ದುಪಡಿಸುತ್ತಾರೆ, ಅಂದರೆ ಯಾರೋ ರದ್ದುಪಡಿಸುವವರೆಗೆ ಮಾರಾಟ ಊರ್ಜಿತವಾಗಿತ್ತು ಎಂಬ ಧ್ವನಿ ಬರುತ್ತದೆ. ಕಾಯ್ದೆಯ 4ನೆಯ ಪ್ರಕರಣ ಹೇಳುವುದು ಬೇರೆ: ಅಂತಹ ವರ್ಗಾವಣೆಯಿಂದ ಯಾವ ಹಕ್ಕೂ ಕೊಂಡವನಿಗೆ ಹೋಗುವುದಿಲ್ಲ, ಎಂದೂ ಹೋಗಿರಲಿಲ್ಲವೆಂದೇ ಭಾವಿಸತಕ್ಕದ್ದು. 5ನೆಯ ಪ್ರಕರಣದಡಿ ಉಪವಿಭಾಗಾಧಿಕಾರಿಯು ಕೊಂಡವನಿಗೆ ನೋಟಿಸು ಕೊಟ್ಟು, ಅವನ ಮಾತನ್ನು ಕೇಳಿ, ಜಮೀನನ್ನು ಬಿಡಿಸಿ, ಮೂಲ ಮಂಜೂರಿದಾರನಿಗೋ ಅವನ ವಾರಸುದಾರರಿಗೋ ಮರಳಿಸುತ್ತಾರೆ. ಆಗ ಅವರು ಮಾರಾಟವನ್ನು ಕೊಲ್ಲುತ್ತಿಲ್ಲ, ಅದು ಹುಟ್ಟಲೇ ಇಲ್ಲವೆಂದು ಗುರುತಿಸುತ್ತಿದ್ದಾರೆ. ಆದ್ದರಿಂದ ‘ಅಸಿಂಧು’ ಸರಿ, ‘ಶೂನ್ಯ’ವೂ ನಡೆಯುತ್ತದೆ.

ಪದಕ್ಕಿಂತ ದೊಡ್ಡ ತಪ್ಪು ನಿಮ್ಮ ‘15 ವರ್ಷ’ದಲ್ಲಿದೆ. ಅದನ್ನು ಮೊದಲು ಅಳಿಸಿ.

ಮಂಜುಳಾ:
ಹದಿನೈದು ವರ್ಷವನ್ನು ಏಕೆ ಅಳಿಸಬೇಕು? ನಮ್ಮ ಭಾವನವರು ಕೊಂಡ ಎರಡು ಎಕರೆಗೆ 1972ರ ಸಾಗುವಳಿ ಚೀಟಿ ಇದೆ. ಅದರಲ್ಲಿ ಹದಿನೈದು ವರ್ಷ ಪರಭಾರೆ ಮಾಡಬಾರದೆಂಬ ಷರತ್ತನ್ನು ನಾನೇ ಓದಿದ್ದೇನೆ. ಅವರು ಕ್ರಯ ಮಾಡಿಸಿಕೊಂಡದ್ದು 1991ರಲ್ಲಿ, ಅಂದರೆ ಅವಧಿ ಮುಗಿದು ನಾಲ್ಕು ವರ್ಷ ಕಳೆದ ಮೇಲೆ. ಪತ್ರ ನೋಂದಣಿಯಾಗಿದೆ, ಖಾತೆಯಾಗಿದೆ, ಪಹಣಿಯಲ್ಲಿ ಅವರದೇ ಹೆಸರಿದೆ. ಇದೂ ಅಸಿಂಧುವೇ?

ಗಂಗಾಧರಯ್ಯ:
ಮಾರುವ ಮೊದಲು ಸರ್ಕಾರದ ಅನುಮತಿ ಪಡೆದಿರದಿದ್ದರೆ ಹೌದು. ಎಷ್ಟೋ ಮಂದಿ ಎಡವುವುದು ಇಲ್ಲಿಯೇ. ಚೀಟಿಯ ಷರತ್ತು ಒಂದು, ಕಾಯ್ದೆಯ ತಡೆ ಇನ್ನೊಂದು. 1969ರ ಭೂ ಮಂಜೂರಾತಿ ನಿಯಮಗಳ ಹದಿನೈದು ವರ್ಷ 1987ಕ್ಕೆ ಮುಗಿದಿರಬಹುದು. ಆದರೆ 1979ರ ಜನವರಿ 1ರಿಂದ ಕಾಯ್ದೆ ಜಾರಿಯಲ್ಲಿದೆ, ಮತ್ತು ಆ ದಿನದ ನಂತರ ಮಂಜೂರಿ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ವರ್ಗಾಯಿಸುವಂತಿಲ್ಲ. ಈ ತಡೆಗೆ ಕೊನೆಯ ವರ್ಷವೆಂಬುದಿಲ್ಲ. ಅದೇ ಜಮೀನು 1976ರಲ್ಲಿ ಮಾರಾಟವಾಗಿದ್ದರೆ ಅನುಮತಿಯ ಪ್ರಶ್ನೆ ಬರುತ್ತಿರಲಿಲ್ಲ. ಷರತ್ತಿನ ಅವಧಿಯೊಳಗೆ ಮಾರಿದ ಕಾರಣಕ್ಕೇ ಅದು ಅಸಿಂಧುವಾಗುತ್ತಿತ್ತು, ಏಕೆಂದರೆ ಷರತ್ತು ಮುರಿದ ಹಳೆಯ ಮಾರಾಟಗಳಿಗೂ ಕಾಯ್ದೆ ಹಿಂದಕ್ಕೆ ಕೈಚಾಚುತ್ತದೆ.

ನೋಂದಣಿಯಿಂದ ಜೀವ ಬರುವುದಿಲ್ಲ. ಮಂಜೂರಿ ಜಮೀನುಗಳ ಪಟ್ಟಿ ಉಪನೋಂದಣಾಧಿಕಾರಿಯ ಬಳಿ ಇದ್ದು, ಅದರಲ್ಲಿ ಆ ಜಮೀನು ಇದ್ದರೆ ಅವರು ಪತ್ರವನ್ನು ನಿರಾಕರಿಸಬೇಕು. ಪಟ್ಟಿಯಲ್ಲಿ ಇಲ್ಲದಿದ್ದರೆ ನೋಂದಣಿಯಾಗಿಬಿಡುತ್ತದೆ, ಅಷ್ಟೆ. ಖಾತೆಯೂ ಅದೇ ಪತ್ರವನ್ನು ನಂಬಿ ಆದದ್ದು.

ರಾಘವೇಂದ್ರ:
ಗಂಗಾಧರಯ್ಯನವರು ಒಂದು ಮಗ್ಗುಲನ್ನಷ್ಟೇ ಹೇಳಿದ್ದಾರೆ. 1984ರ ಮಂಚೇಗೌಡ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತಾದರೂ, ಷರತ್ತು ಮುರಿದ ಹಳೆಯ ಮಾರಾಟಗಳು ಕಾಯ್ದೆ ಬರುವ ಮುನ್ನ ‘ವಾಯ್ಡಬಲ್’ ಮಾತ್ರ ಆಗಿದ್ದವು ಎಂದಿತು. ಅಂದರೆ ಆಗ ಅವು ರದ್ದುಪಡಿಸಬಹುದಾದವು. ಅವುಗಳ ಮಟ್ಟಿಗೆ ‘ರದ್ದು’ ತಪ್ಪಲ್ಲ. ಕಾಯ್ದೆ ಜಾರಿಗೆ ಬರುವ ಮೊದಲೇ ದೀರ್ಘಕಾಲದ ಪ್ರತಿಕೂಲ ಸ್ವಾಧೀನದಿಂದ, ಅಂದರೆ ಮಾಲೀಕನ ಹಕ್ಕಿಗೆ ಎದುರಾಗಿ ಜಮೀನನ್ನು ವಶದಲ್ಲಿಟ್ಟುಕೊಂಡದ್ದರಿಂದ, ಹಕ್ಕು ಪಕ್ವವಾಗಿದ್ದವನ ಜಮೀನಿಗೆ ಕಾಯ್ದೆ ತಾಗದು ಎಂದೂ ಅಲ್ಲಿಯೇ ಹೇಳಿದೆ. ಮಂಜುಳಾ ಅವರ ಭಾವನವರಿಗೂ ಮೂವತ್ತು ವರ್ಷ ದಾಟಿದೆಯಲ್ಲ.

ಗಂಗಾಧರಯ್ಯ:
ದಾಟಿದ್ದು 1991ರಿಂದ ಎಣಿಸಿದರೆ. ಪಕ್ವವಾಗಬೇಕಿದ್ದದ್ದು 1979ಕ್ಕೆ ಮುಂಚೆ. ನೀವೇ ಬರೆದ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಿ.

ರಾಘವೇಂದ್ರ:
ಎಣಿಕೆಯಲ್ಲಿ ತಪ್ಪಿದೆ, ಒಪ್ಪಿದೆ. ಆದರೆ ಹುಟ್ಟಲೇ ಇಲ್ಲದ ಮಾರಾಟಕ್ಕೆ ವಯಸ್ಸು ಹೇಗೆ ಆಗುತ್ತದೆ? 2017ರಲ್ಲಿ ಸುಪ್ರೀಂ ಕೋರ್ಟು, ಜಮೀನನ್ನು ಮರಳಿಸಿಕೊಡಿ ಎಂಬ ಅರ್ಜಿಯನ್ನು ಸಮಂಜಸ ಕಾಲದೊಳಗೆ ಹಾಕಬೇಕೆಂದು ಹೇಳಿ, ಎರಡು ದಶಕಗಳಿಗೂ ಮೀರಿ ತಡವಾಗಿ ಬಂದ ಅರ್ಜಿಯನ್ನು ಒಪ್ಪಲಿಲ್ಲ. 2023ರಲ್ಲಿ ಸರ್ಕಾರ ತಿದ್ದುಪಡಿ ತಂದು ಕಾಲಮಿತಿಯೇ ಇಲ್ಲವೆಂದಿತು. ಮರುವರ್ಷ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ಅತಿಯಾದ ವಿಳಂಬ ಬೇರೆ ಎಂದಿತು. ಶೂನ್ಯವೆಂಬುದು ನಿಜವಾಗಿಯೂ ಶೂನ್ಯವಾಗಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ. ಆ ಕಾರಣಕ್ಕೇ ‘ಶೂನ್ಯ’ ನನಗೆ ಹಿಡಿಸುವುದಿಲ್ಲ.

ಗಂಗಾಧರಯ್ಯ:
ವಿಳಂಬ ಅಡ್ಡಬರುವುದು ಜಮೀನನ್ನು ಬಿಡಿಸಿಕೊಡಿ ಎಂಬ ಕೋರಿಕೆಗೆ. ಮಾರಾಟ ಅದರಿಂದ ಸಿಂಧುವಾಗುತ್ತದೆಯೆಂದು ನಾನು ಒಪ್ಪುವುದಿಲ್ಲ. ಬೇರೆ ಅಭಿಪ್ರಾಯದವರು ಇದ್ದಾರೆಂಬುದೂ ಗೊತ್ತು.

ನಾಗಭೂಷಣ:
‘ಸಿಂಧು’ ‘ಸನದಿ’ನ ಸವೆದ ರೂಪವೆಂದು ನನ್ನ ಬಲವಾದ ಊಹೆ. ಹಾಗಾದರೆ ನೀವು ‘ರದ್ದ’ನ್ನು ಬಿಟ್ಟು ಹಿಡಿದದ್ದೂ ಅರಬ್ಬಿಯನ್ನೇ. ‘ಸಲ್ಲದು’ ಎನ್ನಲು ನಾಚಿಕೆ ಏಕೆ? ಸಲ್ಲದ ನಾಣ್ಯವನ್ನು ಯಾರೂ ರದ್ದುಪಡಿಸುವುದಿಲ್ಲ, ಅದು ಸಲ್ಲುವುದಿಲ್ಲ, ಅಷ್ಟೆ. ನಿಮ್ಮ ಇಡೀ ವಾದ ಆ ಒಂದು ಕ್ರಿಯಾಪದದಲ್ಲಿದೆ.

ಗಂಗಾಧರಯ್ಯ:
ವ್ಯುತ್ಪತ್ತಿ ಊಹೆಯೇ ಸರಿ. ‘ಸಲ್ಲದು’ ಮಾತ್ರ ಚೆನ್ನಾಗಿದೆ. ಆದರೆ “ಹೀಗೆ ಮಾಡುವುದು ಸಲ್ಲದು” ಎಂಬ ಬುದ್ಧಿವಾದದಂತೆಯೂ ಅದು ಕೇಳಿಸುತ್ತದೆ. ಕೊಳ್ಳುವವನು ಬುದ್ಧಿವಾದಕ್ಕೆ ಹೆದರುವುದಿಲ್ಲ.

ಇನ್ನೊಂದು ಮಾತು. ಫಲಕದಲ್ಲಿ ‘ಮಾರಾಟ’ ಎಂದಷ್ಟೇ ಇದ್ದರೆ, “ನಾವು ಕೊಂಡಿಲ್ಲ, ಕರಾರು ಮಾಡಿಕೊಂಡಿದ್ದೇವೆ” ಎನ್ನುವವರು ನುಸುಳುತ್ತಾರೆ. ಕಾಯ್ದೆಯ ‘ವರ್ಗಾವಣೆ’ಯಲ್ಲಿ ಕ್ರಯ, ದಾನ, ವಿನಿಮಯ, ಅಡಮಾನ, ಗುತ್ತಿಗೆ ಎಲ್ಲವೂ ಸೇರುತ್ತವೆ, ಕ್ರಯದ ಕರಾರು ಕೂಡ. ಕುಟುಂಬದೊಳಗಿನ ಪಾಲು ಮತ್ತು ಉಯಿಲು ಮಾತ್ರ ಸೇರುವುದಿಲ್ಲ. ರೈತರ ಬಾಯಲ್ಲಿರುವ ‘ಪರಭಾರೆ’ ಇಷ್ಟನ್ನೂ ಹೊರುತ್ತದೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡರೆ ಅದನ್ನು ಯಾರೂ ಪರಭಾರೆ ಎನ್ನುವುದಿಲ್ಲ.

ಮಂಜುಳಾ:
ಭಾವನವರಿಗೆ ನಿಮ್ಮ ಉತ್ತರವನ್ನು ಓದಿ ಹೇಳಿದೆ. ಮಾರಿದವರೇ ಬಂದು ಸಹಿ ಹಾಕಿದ್ದಾರೆ, ಪೂರ್ತಿ ಹಣ ಕೊಟ್ಟಿದ್ದೇವೆ ಎಂದರು.

ಗಂಗಾಧರಯ್ಯ:
ಮಾರಿದವನ ಒಪ್ಪಿಗೆಯನ್ನು ನಂಬದಿರಲೆಂದೇ ಕಾಯ್ದೆ ಬಂದದ್ದು, ತಾಯಿ. ಮಗಳ ಮದುವೆಗೋ ಆಸ್ಪತ್ರೆಗೋ ಸಾಲ ಮಾಡಿದವನು ಸಹಿ ಹಾಕುತ್ತಾನೆ, ಮರುವರ್ಷ ತನ್ನದೇ ಹೊಲದಲ್ಲಿ ಕೂಲಿಗೆ ಬರುತ್ತಾನೆ. 1991ರಲ್ಲಿ ಅನುಮತಿ ಪಡೆದ ಆದೇಶವೇನಾದರೂ ಇದೆಯೇ ಎಂದು ಮೊದಲು ಹುಡುಕಿಸಿ. ಅಂತಹ ಜಮೀನು ಬೇರೆಯವರ ವಶದಲ್ಲಿದ್ದರೆ, ಅಲ್ಲವೆಂದು ರುಜುವಾತಾಗುವವರೆಗೆ ಅಸಿಂಧು ವರ್ಗಾವಣೆಯಿಂದಲೇ ಬಂದದ್ದೆಂದು ಕಾನೂನು ಊಹಿಸುತ್ತದೆ. ರುಜುವಾತಿನ ಹೊರೆ ನಿಮ್ಮವರ ಮೇಲಿದೆ.

ವಸುಧಾ:
ಎಲ್ಲರಿಗೂ ವಂದನೆಗಳು. ಕೊನೆಗೆ ಹೀಗೆ ಬರೆದುಕೊಟ್ಟೆ: “ಇದು ಸರ್ಕಾರದಿಂದ ಮಂಜೂರಾದ ಜಮೀನು. ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಮಾಡಿದಲ್ಲಿ ಅದು ಮೊದಲಿನಿಂದಲೇ ಅಸಿಂಧು.” ಬರೆಯುವವರು ಕುಂಚವನ್ನು ಎತ್ತಿ ಹಿಡಿದುಕೊಂಡೇ ‘ಅಸಿಂಧು’ ಎಂದರೇನು ಎಂದು ಕೇಳಿದರು. ನಡೆಯುವುದಿಲ್ಲ ಎಂದರ್ಥ ಎಂದೆ. “ಹಾಗಾದರೆ ಹಾಗೇ ಬರೆಯಬಹುದಲ್ಲ ಅಮ್ಮಾ” ಎಂದರು. ಕೆಳಗೆ ಒಂದು ಸಾಲಿನ ಜಾಗವಿತ್ತು, ಅದನ್ನೂ ಬರೆಸಿದೆ.

ನಾಗಭೂಷಣ:
ಅವರು ಬಳಗಕ್ಕೆ ಸೇರಬೇಕು. ‘ಮಂಜೂರಾದ’ ಇನ್ನೂ ಉಳಿದಿದೆ.