ಫ್ಲೂ ಸ್ಲೈಡ್‌ಗಳ ಬಗ್ಗೆ ಡಾಕ್ಟರನ್ನು ಕೇಳಿ: ಇವತ್ತಿನ ಪ್ರಶ್ನೋತ್ತರ

ಅಡ್ಮಿನ್: ಕ್ಲಿನಿಕ್‌ನವರು ಹಾಕಿದ ಎಂಟು ಸ್ಲೈಡ್‌ಗಳನ್ನು ಎಲ್ಲರೂ ನೋಡಿದ್ದೀರಿ. ಅದನ್ನು ಬರೆದ ಡಾಕ್ಟರ್ ಮೇಡಂ ಇವತ್ತು ಉತ್ತರ ಕೊಡುತ್ತಾರೆ. ಫಾರ್ವರ್ಡ್ ಹಾಕಬೇಡಿ.

ಎರಡು ಮಕ್ಕಳ ತಾಯಿ: ಮೇಡಂ, ಲಸಿಕೆ ಹಾಕಿಸಿಕೊಂಡರೆ ಅದರಿಂದಲೇ ಫ್ಲೂ ಬರುತ್ತದೆ ಅಂತಾರಲ್ಲ, ನಿಜವಾ?

ಡಾಕ್ಟರ್: ಇಲ್ಲಮ್ಮ. ಸೂಜಿಯಲ್ಲಿ ಕೊಡುವ ಫ್ಲೂ ಲಸಿಕೆಯಲ್ಲಿ ಕಾಯಿಲೆ ತರುವ ಜೀವಂತ ವೈರಸ್ ಇರುವುದಿಲ್ಲ. ಒಂದೆರಡು ದಿನ ತೋಳು ನೋವು, ಮೈಕೈ ನೋವು, ಸಣ್ಣ ಜ್ವರ ಬರಬಹುದು. ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಆ ನಡುವೆ ಫ್ಲೂ ತಗುಲಿದರೆ ಬೈಗುಳ ಲಸಿಕೆಗೆ ಬೀಳುತ್ತದೆ.

ಲೆಕ್ಕದ ಮೇಷ್ಟ್ರು: ಸ್ಲೈಡ್ 4ರಲ್ಲಿ ಅಪಾಯ 40ರಿಂದ 60% ಕಡಿಮೆ ಅಂತ ಇದೆ. ಅಂದರೆ ಲಸಿಕೆ ಹಾಕಿಸಿಕೊಂಡ ನೂರು ಜನರಲ್ಲಿ ಅರ್ಧ ಜನಕ್ಕೆ ಫ್ಲೂ ಬಂದೇ ಬರುತ್ತದೆ. ಇದನ್ನು ಹೆಮ್ಮೆಯಿಂದ ಯಾಕೆ ಹಾಕಿದ್ದೀರಿ?

ಲ್ಯಾಬ್ ಹುಡುಗ: ಹಾಗಲ್ಲ ಮೇಷ್ಟ್ರೇ. ಹಾಕಿಸದವರಿಗೆಲ್ಲ ಫ್ಲೂ ಬರುತ್ತದೆ ಅಂತ ನೀವೇ ಊಹಿಸಿಕೊಂಡಿದ್ದೀರಿ.

ಡಾಕ್ಟರ್: ಲ್ಯಾಬ್ ಹುಡುಗ ಹೇಳಿದ್ದು ಸರಿ. ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 2018ರಲ್ಲಿ ಆರೋಗ್ಯವಂತ ವಯಸ್ಕರ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ್ದರು. ಒಂದು ಸೀಸನ್‌ನಲ್ಲಿ ಲಸಿಕೆ ಇಲ್ಲದ 1000 ಜನರಲ್ಲಿ ಸುಮಾರು 23 ಮಂದಿಗೆ ಫ್ಲೂ ಖಚಿತವಾಗಿತ್ತು. ಲಸಿಕೆ ಹಾಕಿಸಿಕೊಂಡ 1000 ಜನರಲ್ಲಿ 9 ಮಂದಿಗೆ. 23 ಇದ್ದದ್ದು 9 ಆದರೆ ಇಳಿಕೆ ಸುಮಾರು 60%. ಆದರೆ ಲಸಿಕೆ ಹಾಕಿಸಿಕೊಂಡವರಲ್ಲಿ ಫ್ಲೂ ಬಂದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ.

ಲೆಕ್ಕದ ಮೇಷ್ಟ್ರು: ಹಾಗಾದರೆ ನಿಜವಾಗಿ ತಪ್ಪಿದ್ದು 1000ಕ್ಕೆ 14. ಅದನ್ನು 60% ಅಂತ ಬರೆದರೆ ದೊಡ್ಡದಾಗಿ ಕಾಣುತ್ತದೆ, ಅಲ್ವಾ? ನೀವೂ ಜಾಹೀರಾತಿನವರೂ ಒಂದೇ ಆಯ್ತು.

ಡಾಕ್ಟರ್: ಈ ಮಾತು ಒಪ್ಪುತ್ತೇನೆ. ಬರೀ ಶೇಕಡಾ ಹಾಕಿದ್ದು ನಮ್ಮ ತಪ್ಪು. ಎರಡೂ ಲೆಕ್ಕ ಸ್ಲೈಡ್‌ನಲ್ಲಿ ಇರಬೇಕು. ಸುಮಾರು 71 ಜನ ಹಾಕಿಸಿಕೊಂಡರೆ ಒಬ್ಬರಿಗೆ ಫ್ಲೂ ತಪ್ಪುತ್ತದೆ ಅಂತಲೂ ಬರೆಯಬಹುದು. ಇದು ಆರೋಗ್ಯವಂತ ವಯಸ್ಕರ ಲೆಕ್ಕ. 65 ದಾಟಿದವರಲ್ಲಿ 1000ಕ್ಕೆ 60 ಇದ್ದದ್ದು 24 ಆಗಿತ್ತು. ಇಳಿಕೆ ಅದೇ 60%, ಆದರೆ ತಪ್ಪಿದ್ದು 36 ಜನಕ್ಕೆ. ವೈರಸ್‌ಗೆ ಲಸಿಕೆ ಸರಿಯಾಗಿ ಹೊಂದದ ವರ್ಷವೂ ಇರುತ್ತದೆ. 2014-15ರಲ್ಲಿ ಅಮೆರಿಕದಲ್ಲಿ ಅದರ ಪರಿಣಾಮ 19%ಕ್ಕೆ ಇಳಿದಿತ್ತು. ಅದಕ್ಕೇ ಆ ಸ್ಲೈಡ್‌ನಲ್ಲಿ "ಚೆನ್ನಾಗಿ ಹೊಂದಿದ ವರ್ಷಗಳಲ್ಲಿ" ಎಂದು ಬರೆದದ್ದು. ಆ ಸಾಲು ಯಾರ ಕಣ್ಣಿಗೂ ಬಿದ್ದಿಲ್ಲ.

ಸಂಧಿವಾತದವರು: ನಾನು ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತೇನೆ. ಲಸಿಕೆಯ ವಾರ ಮಾತ್ರೆ ನಿಲ್ಲಿಸಬೇಕಾ?

ಕಂಪ್ಯೂಟರ್ ಅಣ್ಣ: ಸ್ಲೈಡ್‌ಗೆ ಯಾವ ಫಾಂಟ್ ಬಳಸಿದ್ದೀರಿ ಮೇಡಂ? ಚೆನ್ನಾಗಿದೆ.

ದಿನಾ ಓಡುವವ: ಇಮ್ಯುನಿಟಿ ಹೆಚ್ಚಿಸುವುದಕ್ಕೆ ಒಂದು ಸ್ಲೈಡೂ ಇಲ್ಲ. ವಿಟಮಿನ್ ಸಿ ಯಾಕೆ ಬಿಟ್ಟಿರಿ?

ಡಾಕ್ಟರ್: ಅದರ ಪ್ರಯೋಗಗಳನ್ನು ಒಟ್ಟುಗೂಡಿಸಿದ ಅಧ್ಯಯನದಲ್ಲಿ, ದಿನಾ ತೆಗೆದುಕೊಂಡರೂ ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ಕಡಿಮೆಯಾಗಲಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಸುಮಾರು 8% ಬೇಗ ಹೋಯಿತು. ಏಳು ದಿನದ ನೆಗಡಿಯಲ್ಲಿ ಅರ್ಧ ದಿನ. ಅದೂ ಮೊದಲಿಂದಲೇ ದಿನಾ ತೆಗೆದುಕೊಂಡವರಿಗೆ. ಮೂಗು ಸೋರಲು ಶುರುವಾದ ಮೇಲೆ ನುಂಗಿದರೆ ಅಷ್ಟೂ ಕಾಣಲಿಲ್ಲ.

ದಿನಾ ಓಡುವವ: ಮ್ಯಾರಥಾನ್ ಓಡುವವರಲ್ಲಿ ನೆಗಡಿ ಅರ್ಧಕ್ಕೆ ಇಳಿಯಿತು ಅಂತ ಅದೇ ಅಧ್ಯಯನದಲ್ಲಿದೆ. ಅದನ್ನು ಹೇಳಲಿಲ್ಲ.

ಡಾಕ್ಟರ್: ಹೌದು, ಇದೆ. ಓಟಗಾರರು, ಸ್ಕೀ ಮಾಡುವವರು, ವಿಪರೀತ ಚಳಿಯಲ್ಲಿ ತರಬೇತಿ ಪಡೆದ ಸೈನಿಕರು, ಎಲ್ಲ ಸೇರಿ ಸುಮಾರು 600 ಜನ. ನೀವು ಆ ಗುಂಪಿನವರಾದರೆ ಸಂತೋಷ. ಸ್ಲೈಡ್ ಎಲ್ಲರಿಗಾಗಿ.

ಅಪ್ಪನ ಮಗಳು: ಅಪ್ಪನಿಗೆ 71 ವರ್ಷ. ಹೋದ ವಾರ ಫ್ಲೂ ಆಗಿತ್ತು. ನಾಲ್ಕನೇ ದಿನ ಜ್ವರ ಬಿಟ್ಟು ಎದ್ದು ಓಡಾಡಿದರು. ಇವತ್ತು ಏಳನೇ ದಿನ. ಬೆಳಿಗ್ಗೆಯಿಂದ ಮತ್ತೆ ಚಳಿ, ಕೆಮ್ಮು ಜಾಸ್ತಿ, ಸ್ವಲ್ಪ ಮಂಕಾಗಿದ್ದಾರೆ. ಸ್ಲೈಡ್ 7ರಲ್ಲಿ ಹೆಚ್ಚಿನವರಿಗೆ ಒಂದು ವಾರದಲ್ಲಿ ವಾಸಿ ಅಂತ ಇದೆ. ಇನ್ನೆರಡು ದಿನ ನೋಡಬಹುದಾ?

ಡಾಕ್ಟರ್: ಬೇಡ. ಇವತ್ತೇ ತೋರಿಸಿ. ಒಂದು ಕೆಲಸ ಮಾಡಿ: ಅವರು ಸುಮ್ಮನೆ ಕೂತಿರುವಾಗ ಎದೆ ಎಷ್ಟು ಸಲ ಏರುತ್ತದೆ ಎಂದು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. ಅವರಿಗೆ ಹೇಳಬೇಡಿ, ಹೇಳಿದರೆ ಉಸಿರಾಟದ ರೀತಿ ಬದಲಾಗುತ್ತದೆ. ಸಂಖ್ಯೆ ಇಲ್ಲಿ ಹಾಕಿ.

ಅನುಭವಸ್ಥ: ತಂಗಿ, ಗಾಬರಿ ಬೇಡ. ಬಿಸಿ ಹಬೆ ದಿನಕ್ಕೆ ಮೂರು ಸಲ ಕೊಡಿ. 15 ನಿಮಿಷದಲ್ಲಿ ವೈರಸ್ ಸಾಯುತ್ತದೆ. ವಿಡಿಯೋ ಕಳಿಸಿದ್ದೇನೆ, ನೋಡಿ.

ಅಪ್ಪನ ಮಗಳು: 28 ಬಂತು. ಬೆರಳಿಗೆ ಹಾಕುವ ಮಷಿನ್ ಆಕ್ಸಿಜನ್ 95 ತೋರಿಸುತ್ತಿದೆ. 95 ಸರಿ ಅಲ್ವಾ?

ಡಾಕ್ಟರ್: ಈಗಲೇ ಹೊರಡಿ. ಗಾಡಿಯಲ್ಲಿ ಕೂತು ಮುಂದಿನದನ್ನು ಓದಿ.

ಸುಮ್ಮನೆ ಕೂತ ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20 ಇರಬೇಕು. 28 ಅಂದರೆ ದೇಹ ಕಷ್ಟಪಟ್ಟು ಉಸಿರೆಳೆಯುತ್ತಿದೆ. 95 ಬಂದಿರುವುದು ಆ ಕಷ್ಟದಿಂದಲೇ ಇರಬಹುದು. ಆ ಮಷಿನ್ ಎರಡು ಮೂರು ಅಂಕ ಆಚೀಚೆ ತೋರಿಸುತ್ತದೆ. ಬೆರಳು ತಣ್ಣಗಿದ್ದರೆ ತಪ್ಪುತ್ತದೆ, ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸುವುದೂ ಉಂಟು. ಸಂಖ್ಯೆ ಕೆಟ್ಟದಾಗಿದ್ದರೆ ನಂಬಿ ಓಡಿ. ಚೆನ್ನಾಗಿದ್ದರೆ ಅದೊಂದನ್ನೇ ನಂಬಿ ಕೂರಬೇಡಿ.

ಫ್ಲೂ ಇಳಿಯುತ್ತಾ ಬಂದು ಮತ್ತೆ ಏರಿದರೆ ಅದು ಬೇರೆಯೇ ಕಥೆ. ಉಸಿರ್ನಾಳದ ಒಳಮೈಯಲ್ಲಿ ಕಸ ಮೇಲಕ್ಕೆ ತಳ್ಳುವ ಸಣ್ಣ ಕೂದಲುಗಳಿರುತ್ತವೆ. ವೈರಸ್ ಅವನ್ನು ಹಾಳುಮಾಡುತ್ತದೆ. ಮೂಗು ಗಂಟಲಲ್ಲಿ ತಣ್ಣಗೆ ಕೂತಿದ್ದ ಬ್ಯಾಕ್ಟೀರಿಯಾ, ಹೆಚ್ಚಾಗಿ ನ್ಯುಮೋಕಾಕಸ್, ಕೆಲವೊಮ್ಮೆ ಸ್ಟಫೈಲೋಕಾಕಸ್, ಶ್ವಾಸಕೋಶಕ್ಕೆ ಇಳಿಯುತ್ತದೆ. ಅದು ನ್ಯುಮೋನಿಯಾ. ವಯಸ್ಸಾದವರಿಗೆ ಜ್ವರ ಜೋರಾಗಿ ಬರದೇ ಇರಬಹುದು. ಮಂಕು, ಗಲಿಬಿಲಿ, ಊಟ ಬೇಡ ಅನ್ನುವುದು, ಇಷ್ಟೇ ಕಾಣಬಹುದು. ನಿಮ್ಮ ಅಪ್ಪನಿಗೆ ಅದೇ ಆಗಿದೆ ಎಂದು ಇಲ್ಲಿಂದ ಹೇಳಲಾರೆ. ಎಕ್ಸ್-ರೇ ಹೇಳಬೇಕು. ಅಲ್ಲಿಗೆ ಹೋದ ಕೂಡಲೇ "ಜ್ವರ ಬಿಟ್ಟು ಮತ್ತೆ ಬಂತು, ಉಸಿರು 28, ಮಂಕಾಗಿದ್ದಾರೆ" ಎಂದು ಇದೇ ಮಾತಿನಲ್ಲಿ ಹೇಳಿ. ಸಕ್ಕರೆ, ಹೃದಯದ ಮಾತ್ರೆಗಳ ಪಟ್ಟಿ ಇದ್ದರೆ ಜೊತೆಗಿರಲಿ.

ಅನುಭವಸ್ಥ: ಡಾಕ್ಟರುಗಳು ಹೆದರಿಸುವುದೇ ಹೀಗೆ. ನಮ್ಮ ಮನೆಯಲ್ಲಿ ಹಬೆಯಿಂದಲೇ ಎಲ್ಲರಿಗೂ ವಾಸಿಯಾಗಿದೆ.

ಲ್ಯಾಬ್ ಹುಡುಗ: ನಿಮ್ಮ ಮನೆಯವರಿಗೆ ಹಬೆ ಇಲ್ಲದೆಯೂ ವಾಸಿಯಾಗುತ್ತಿತ್ತು.

ಅನುಭವಸ್ಥ: ನಿನಗೆಷ್ಟಪ್ಪಾ ವಯಸ್ಸು?

ಎರಡು ಮಕ್ಕಳ ತಾಯಿ: ನನ್ನ ಮಗನ ತೊಡೆ ಮೇಲೆ ಹಬೆಯ ಪಾತ್ರೆ ಮಗುಚಿ ಸುಟ್ಟಿತ್ತು. ಆರು ವಾರ ಡ್ರೆಸ್ಸಿಂಗ್. ಆ ವಿಡಿಯೋ ದಯವಿಟ್ಟು ತೆಗೆಯಿರಿ.

ಡಾಕ್ಟರ್: ತೆಗೆಯಿರಿ. ಹಬೆಯಿಂದ ಮೂಗು ಸ್ವಲ್ಪ ಹೊತ್ತು ಹಗುರ ಅನ್ನಿಸಬಹುದು. ವೈರಸ್ ಸಾಯುವುದಿಲ್ಲ. ವೈರಸ್ ಸಾಯುವಷ್ಟು ಬಿಸಿಯಾದರೆ ನಿಮ್ಮ ಗಂಟಲೂ ಬೇಯುತ್ತದೆ. ಬಿಸಿ ಹಬೆಯಿಂದ ನೆಗಡಿಗೆ ಖಚಿತ ಉಪಯೋಗ ಇದೆಯೆಂದು ಪ್ರಯೋಗಗಳಲ್ಲೂ ಕಂಡಿಲ್ಲ. 71 ವರ್ಷದವರು ನಿಮಿಷಕ್ಕೆ 28 ಸಲ ಉಸಿರೆಳೆಯುವಾಗ "ಗಾಬರಿ ಬೇಡ" ಎಂದು ಬರೆಯಲು ನಿಮಗೆ ಹೇಗೆ ಮನಸ್ಸಾಯಿತು?

ಅನುಭವಸ್ಥ: "ಒಂದು ವಾರದಲ್ಲಿ ವಾಸಿ" ಅಂತ ಬರೆದವರು ಯಾರು? ನಾನಾ?

ಲೆಕ್ಕದ ಮೇಷ್ಟ್ರು: ಇದಕ್ಕೆ ಉತ್ತರ ಕೊಡಿ ಮೇಡಂ.

ಡಾಕ್ಟರ್: ಕೊಡುತ್ತೇನೆ. ಆ ಸಾಲು ವಿಶ್ವ ಆರೋಗ್ಯ ಸಂಸ್ಥೆಯ ಮಾಹಿತಿಯಿಂದ ತೆಗೆದದ್ದು. ಮಾತು ನಿಜ. ಹೆಚ್ಚಿನವರಿಗೆ ವಾರದೊಳಗೆ, ಡಾಕ್ಟರ ಹತ್ತಿರ ಹೋಗದೆಯೇ ಗುಣವಾಗುತ್ತದೆ. ಆದರೆ "ಹೆಚ್ಚಿನವರು" ಅಂದರೆ ಯಾರು, ಆ ಗುಂಪಿನಲ್ಲಿ ಯಾರಿಲ್ಲ ಎಂದು ನಾವು ಅಲ್ಲಿ ಬರೆದಿಲ್ಲ. ಅಪಾಯದ ಲಕ್ಷಣಗಳು ಸ್ಲೈಡ್ 8ರಲ್ಲಿವೆ. ಏಳನೆಯದು ಓದಿ ಸಮಾಧಾನವಾದವರು ಎಂಟಕ್ಕೆ ಹೋಗುವುದೇ ಇಲ್ಲ. ಆ ಹುಡುಗಿ ಕೇಳಿದ್ದು ಆ ಸಾಲನ್ನು ನಂಬಿ. ಇವತ್ತೇ ಬದಲಿಸುತ್ತೇವೆ: "ಜ್ವರ ಅಥವಾ ಕೆಮ್ಮು ಕಡಿಮೆಯಾಗಿ ಮತ್ತೆ ಜೋರಾದರೆ ದಿನ ಎಣಿಸಬೇಡಿ, ಅದೇ ದಿನ ತೋರಿಸಿ. 65 ದಾಟಿದವರು, ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ಸಕ್ಕರೆ, ಅಸ್ತಮಾ, ಹೃದಯದ ತೊಂದರೆ ಇರುವವರು ಮೊದಲ ಎರಡು ದಿನದೊಳಗೇ ತೋರಿಸಿ." ಫ್ಲೂ ವೈರಸ್‌ನ ಔಷಧಿ ಒಸೆಲ್ಟಮಿವಿರ್ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ. ಅದಕ್ಕೇ ಎರಡು ದಿನ.

ಕಂಪ್ಯೂಟರ್ ಅಣ್ಣ: ಇಷ್ಟು ಅಕ್ಷರ ಒಂದು ಸ್ಲೈಡ್‌ಗೆ ಹಿಡಿಸುವುದಿಲ್ಲ. ಜನ ಬೆರಳಾಡಿಸಿ ಮುಂದೆ ಹೋಗಿಬಿಡುತ್ತಾರೆ.

ಡಾಕ್ಟರ್: ಹಾಗಾದರೆ ಮೊದಲ ವಾಕ್ಯ ಸ್ಲೈಡ್ 1ಕ್ಕೆ ಹೋಗಲಿ. ಅಲ್ಲಿರುವ ಕೊಡೆಯ ಚಿತ್ರ ತೆಗೆಯಬಹುದು.

ಹೊಸಬರು: ಲಸಿಕೆಯಿಂದ ಫ್ಲೂ ಬರುತ್ತದಾ ಮೇಡಂ?

ಡಾಕ್ಟರ್: ಮೇಲೆ ಮೊದಲ ಉತ್ತರ.

ಹಾಸ್ಟೆಲ್ ವಾರ್ಡನ್: ಲಸಿಕೆ ಹಾಕಿದ ಮೇಲೆ ಜ್ವರ ಬಂದರೆ ಅದು ಫ್ಲೂ ತಾನೇ?

ಡಾಕ್ಟರ್: ಮೇಲೆ.

ಸಂಧಿವಾತದವರು: ನನ್ನ ಪ್ರಶ್ನೆ ಯಾರೂ ನೋಡಿಲ್ಲ ಅನ್ನಿಸುತ್ತದೆ.

ಅಪ್ಪನ ಮಗಳು: ಅಡ್ಮಿಟ್ ಮಾಡಿದರು. ಇಲ್ಲಿ ನೋಡಿದಾಗ ಆಕ್ಸಿಜನ್ 91 ಇತ್ತು. ಎಕ್ಸ್-ರೇಯಲ್ಲಿ ಬಲಗಡೆ ಕೆಳಗೆ ಬಿಳಿ ಮೋಡದ ಹಾಗೆ ಇದೆ. ನ್ಯುಮೋನಿಯಾ ಅಂದರು. ಡ್ರಿಪ್‌ನಲ್ಲಿ ಆ್ಯಂಟಿಬಯಾಟಿಕ್ ಶುರುವಾಗಿದೆ. ಅವರಿಗೆ ಏನೂ ಆಗಲ್ಲ ಅಲ್ವಾ ಮೇಡಂ?

ಡಾಕ್ಟರ್: ಆಗಲ್ಲ ಎಂದು ನಾನು ಮಾತು ಕೊಡಲಾರೆ ಮಗಳೇ. ಸರಿಯಾದ ಜಾಗದಲ್ಲಿದ್ದಾರೆ, ಚಿಕಿತ್ಸೆ ಶುರುವಾಗಿದೆ. ಮುಂದಿನ ಎರಡು ಮೂರು ದಿನದಲ್ಲಿ ಉಸಿರಿನ ಸಂಖ್ಯೆ ಇಳಿಯುತ್ತದಾ, ಮಂಕು ಹೋಗುತ್ತದಾ ಎಂದು ಅಲ್ಲಿಯವರನ್ನು ದಿನಾ ಕೇಳಿ. ಕೆಮ್ಮು, ಸುಸ್ತು ವಾರಗಟ್ಟಲೆ ಉಳಿಯಬಹುದು. ಅದಕ್ಕೆ ಹೆದರಬೇಡಿ.

ಹಾಸ್ಟೆಲ್ ವಾರ್ಡನ್: ಹಾಗಾದರೆ ಫ್ಲೂ ಬಂದ ಮೊದಲ ದಿನವೇ ಹುಡುಗರಿಗೆಲ್ಲ ಆ್ಯಂಟಿಬಯಾಟಿಕ್ ಕೊಟ್ಟರೆ ನ್ಯುಮೋನಿಯಾ ಬರುವುದಿಲ್ಲ. ಹೋದ ಸಲದ ಮಾತ್ರೆ ಉಳಿದಿವೆ.

ಡಾಕ್ಟರ್: ಕೊಡಬೇಡಿ. ಅದು ಫ್ಲೂ ವೈರಸ್‌ಗೆ ತಾಗುವುದಿಲ್ಲ, ಮುಂದೆ ಬರುವ ನ್ಯುಮೋನಿಯಾವನ್ನು ತಡೆಯುತ್ತದೆ ಎಂಬ ಭರವಸೆಯೂ ಇಲ್ಲ. ಭೇದಿ, ಅಲರ್ಜಿ ಬರಬಹುದು, ನಿಜವಾಗಿ ಬೇಕಾದ ದಿನ ಆ ಮಾತ್ರೆ ಕೆಲಸ ಮಾಡದೇ ಹೋಗಬಹುದು. ಹುಡುಗರಿಗೆ ಆಸ್ಪಿರಿನ್ ಕೂಡ ಬೇಡ. ಅಪರೂಪಕ್ಕೆ ಮಿದುಳು, ಯಕೃತ್ತಿಗೆ ಏಟು ಕೊಡುತ್ತದೆ. ಜ್ವರ ಬಂದ ಹುಡುಗರನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ಮೊದಲು ಮಾಡಬೇಕಾದದ್ದು ಅದು.

ಅನುಭವಸ್ಥ: ಎಲ್ಲದಕ್ಕೂ ಬೇಡ ಬೇಡ. ಮತ್ತೆ ಬೇಕಾದ್ದೇನು?

ಲೆಕ್ಕದ ಮೇಷ್ಟ್ರು: ಈಗಷ್ಟೇ ಹೇಳಿದರು, ಬೇರೆ ಕೋಣೆ ಅಂತ. ಓದಿ ಸ್ವಾಮಿ.

ಅಡ್ಮಿನ್: ಹಬೆಯ ವಿಡಿಯೋ ತೆಗೆದಿದ್ದೇನೆ. ಇನ್ನೊಂದು ಸಲ ಹಾಕಿದರೆ ಗುಂಪಿನಿಂದಲೇ ತೆಗೆಯುತ್ತೇನೆ.

ಹೊಸಬರು: ಯಾವ ವಿಡಿಯೋ? ಯಾರಾದರೂ ಕಳಿಸುತ್ತೀರಾ?

ಸಂಧಿವಾತದವರು: ಮೆಥೊಟ್ರೆಕ್ಸೇಟ್ ಬಗ್ಗೆ ಕೇಳಿದ್ದೆ. ಬೆಳಿಗ್ಗೆಯಿಂದ ಕಾಯುತ್ತಿದ್ದೇನೆ.

ಲ್ಯಾಬ್ ಹುಡುಗ: ಮೇಡಂ ಆಫ್‌ಲೈನ್ ಆಗಿದ್ದಾರೆ. ನಾವು ಯಾರೂ ಹೇಳುವ ವಿಷಯ ಅಲ್ಲ ಅದು ಸರ್, ಮಾತ್ರೆ ಬರೆದ ಡಾಕ್ಟರನ್ನೇ ಕೇಳಿ.